18ರೊಳಗೆ ಅಡಗಿ ಕೂತ 36

ಮೆಷಿನ್ ಲರ್ನಿಂಗ್ ಓದುವವರ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವ ಪುಸ್ತಕ ‘ಆ್ಯನ್ ಇಂಟ್ರೊಡಕ್ಷನ್ ಟು ಸ್ಟ್ಯಾಟಿಸ್ಟಿಕಲ್ ಲರ್ನಿಂಗ್’. ಜೇಮ್ಸ್, ವಿಟನ್, ಹೇಸ್ಟಿ, ಟಿಬ್ಶಿರಾನಿ ಎಂಬ ನಾಲ್ವರು ಸೇರಿ ಬರೆದದ್ದು, 2013ರಲ್ಲಿ ಬಂದದ್ದು. ಅದರ ನಾಲ್ಕನೇ ಅಧ್ಯಾಯದ ಅಭ್ಯಾಸದಲ್ಲಿ ಒಂದು ಕಿಲಾಡಿ ಪ್ರಶ್ನೆಯಿದೆ. ಬಿಡಿಸಲು ಬೇಕಾದದ್ದು ಪ್ರಾಥಮಿಕ ಶಾಲೆಯ ಲೆಕ್ಕ ಅಷ್ಟೇ. ಆದರೂ ಎಡವುವುದು ಸುಲಭ.

ಪ್ರಶ್ನೆಯ ಸಾರ ಇದು. ನಮ್ಮಲ್ಲಿರುವ ಮಾಹಿತಿಯನ್ನು ಸರಿಸಮವಾಗಿ ಎರಡು ಪಾಲು ಮಾಡಿದ್ದೇವೆ. ಒಂದು ಪಾಲನ್ನು ತೋರಿಸಿ ಕಂಪ್ಯೂಟರಿಗೆ ಕಲಿಸುತ್ತೇವೆ, ಅದು ಟ್ರೈನಿಂಗ್ ಡೇಟಾ. ಇನ್ನೊಂದನ್ನು ಅದರ ಕಣ್ಣಿಗೆ ಬೀಳದಂತೆ ಎತ್ತಿಟ್ಟು ಕೊನೆಗೆ ಪರೀಕ್ಷಿಸುತ್ತೇವೆ, ಅದು ಟೆಸ್ಟ್ ಡೇಟಾ. ಲಾಜಿಸ್ಟಿಕ್ ರಿಗ್ರೆಷನ್ ಎಂಬ ವಿಧಾನ ಟ್ರೈನಿಂಗ್‌ನಲ್ಲಿ ನೂರಕ್ಕೆ 20, ಟೆಸ್ಟ್‌ನಲ್ಲಿ ನೂರಕ್ಕೆ 30 ತಪ್ಪು ಮಾಡಿತು. ‘ಹತ್ತಿರದ ಒಂದೇ ನೆರೆಯವ’ ಎಂಬ ಇನ್ನೊಂದು ವಿಧಾನಕ್ಕೆ ಎರಡೂ ಪಾಲಿನ ಸರಾಸರಿ ತಪ್ಪನ್ನಷ್ಟೇ ಕೊಟ್ಟಿದ್ದಾರೆ: ನೂರಕ್ಕೆ 18. ಹೊಸ ಮಾಹಿತಿ ಬಂದಾಗ ಯಾವುದನ್ನು ನಂಬುತ್ತೀರಿ?

ಮೊದಲನೆಯದರ ಸರಾಸರಿ 25, ಎರಡನೆಯದರದು 18. ಹಾಗಾಗಿ ಎರಡನೆಯದೇ ಸರಿ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಆದರೆ ಈ ನೆರೆಯವ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನೋಡಬೇಕು.

1936ರಲ್ಲಿ ರೊನಾಲ್ಡ್ ಫಿಶರ್ ಬಳಸಿ ಪ್ರಸಿದ್ಧವಾದ ಐರಿಸ್ ಹೂಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಮೂರು ಜಾತಿಯ 150 ಹೂಗಳು, ಪ್ರತಿ ಹೂವಿಗೂ ನಾಲ್ಕು ಅಳತೆ. ಹೊಸ ಹೂವೊಂದು ಬಂದರೆ ನೆರೆಯವ ವಿಧಾನ ಪಟ್ಟಿಯಲ್ಲಿ ಅಳತೆಯಲ್ಲಿ ಅದಕ್ಕೆ ಅತಿ ಹತ್ತಿರವಿರುವ ಒಂದು ಹೂವನ್ನು ಹುಡುಕಿ, ಅದರ ಜಾತಿಯನ್ನೇ ಇದಕ್ಕೂ ಹೇಳುತ್ತದೆ. ಬೇರೆ ಕಲಿಕೆ ಏನೂ ಇಲ್ಲ. ಈಗ ಪಟ್ಟಿಯೊಳಗಿನ ಹೂವನ್ನೇ ಎತ್ತಿ ‘ಇದು ಯಾವ ಜಾತಿ’ ಎಂದು ಕೇಳಿದರೆ? ಅದಕ್ಕೆ ಅತಿ ಹತ್ತಿರದ ಹೂವು ಅದೇ. ದೂರ ಸೊನ್ನೆ, ಉತ್ತರವೂ ಸರಿ. ಒಂದೇ ಅಳತೆಯ ಎರಡು ಹೂಗಳಿಗೆ ಬೇರೆ ಬೇರೆ ಜಾತಿ ಬರೆದಿದ್ದರೆ ಮಾತ್ರ ತಪ್ಪಲು ಸಾಧ್ಯ. ಅಂದರೆ ಟ್ರೈನಿಂಗ್‌ನಲ್ಲಿ ಈ ವಿಧಾನ ನೂರಕ್ಕೆ ನೂರು ಪಡೆಯುವುದು ಜಾಣತನದಿಂದಲ್ಲ. ಅದರ ಕಟ್ಟುಪಾಡೇ ಹಾಗಿದೆ.

ಇದು ಹೊಳೆದರೆ ಲೆಕ್ಕ ಮುಗಿದಂತೆ. ಟ್ರೈನಿಂಗ್ ತಪ್ಪು ಸೊನ್ನೆ, ಸರಾಸರಿ 18. ಹಾಗಾದರೆ ಟೆಸ್ಟ್ ತಪ್ಪು 36 ಇರಲೇಬೇಕು. ಲಾಜಿಸ್ಟಿಕ್ ರಿಗ್ರೆಷನ್ನಿನ 30ಕ್ಕಿಂತ ಇದು ಕಡೆ. ಸರಾಸರಿ ಎಂಬ ಹೊದಿಕೆಯಡಿ ಪುಕ್ಕಟೆ ಸಿಕ್ಕ ಸೊನ್ನೆಯೊಂದು ಕೆಟ್ಟ ಅಂಕಿಯನ್ನು ಅರ್ಧಕ್ಕೆ ಇಳಿಸಿ ತೋರಿಸಿತ್ತು.

ಇಷ್ಟು ಸರಳ ವಿಧಾನಕ್ಕೆ ಇದು ಸರಿ, ದೊಡ್ಡ ನರಜಾಲಗಳಿಗೆ ಅನ್ವಯಿಸದು ಎನ್ನುವವರಿಗೆ 2016ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಚಿಯುವಾನ್ ಜಾಂಗ್ ಮತ್ತು ಸಂಗಡಿಗರು ಸೀಫಾರ್-10 ಎಂಬ ಸಂಗ್ರಹದ 50,000 ಚಿತ್ರಗಳನ್ನು ತೆಗೆದುಕೊಂಡರು. ವಿಮಾನ, ಬೆಕ್ಕು, ಕಪ್ಪೆ, ಲಾರಿ ಹೀಗೆ ಹತ್ತು ಬಗೆ. ಪ್ರತಿ ಚಿತ್ರದ ನಿಜವಾದ ಹೆಸರನ್ನು ಕಿತ್ತುಹಾಕಿ ಹತ್ತರಲ್ಲಿ ಯಾವುದೋ ಒಂದನ್ನು ಮನಬಂದಂತೆ ಅಂಟಿಸಿದರು. ಕಪ್ಪೆಗೆ ಲಾರಿ ಎಂದು, ಬೆಕ್ಕಿಗೆ ವಿಮಾನ ಎಂದು. ಕಲಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ನರಜಾಲ ಆ 50,000 ಸುಳ್ಳುಗಳನ್ನು ಉರುಹೊಡೆದು ಟ್ರೈನಿಂಗ್ ತಪ್ಪನ್ನು ಸೊನ್ನೆಗೆ ಇಳಿಸಿತು. ಹೊಸ ಚಿತ್ರಗಳ ಮುಂದೆ ಮಾತ್ರ ಹತ್ತರಲ್ಲಿ ಒಂದು ಸರಿ. ಕಣ್ಣುಮುಚ್ಚಿ ಊಹಿಸಿದರೂ ಅಷ್ಟೇ ಬರುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಗಳು ಇನ್ನೊಂದು ಹಳ್ಳಕ್ಕೆ ಬೀಳುವುದುಂಟು. ನೂರಕ್ಕೆ ನೂರು ಕಂಡೊಡನೆ ‘ಓವರ್‌ಫಿಟಿಂಗ್, ಮಾಡೆಲ್ ಕೆಟ್ಟದ್ದು’ ಎಂಬ ಆಯ್ಕೆಗೆ ಟಿಕ್ ಹಾಕುತ್ತಾರೆ. ಅದೇ ಪ್ರಯೋಗದಲ್ಲಿ ನಿಜವಾದ ಹೆಸರುಗಳನ್ನು ಕೊಟ್ಟಾಗಲೂ ನರಜಾಲ ಟ್ರೈನಿಂಗ್‌ನಲ್ಲಿ ನೂರು ಮುಟ್ಟಿತ್ತು, ಜೊತೆಗೆ ಹೊಸ ಚಿತ್ರಗಳನ್ನೂ ಚೆನ್ನಾಗಿಯೇ ಗುರುತಿಸಿತ್ತು. ಒಂದೇ ಅಂಕಿ, ಒಂದೆಡೆ ಕಲಿಕೆ, ಇನ್ನೊಂದೆಡೆ ಬರೀ ಬಾಯಿಪಾಠ. ಟ್ರೈನಿಂಗ್ ಅಂಕ ಒಂದನ್ನೇ ಕೊಟ್ಟು ‘ಮಾಡೆಲ್ ಹೇಗಿದೆ’ ಎಂದು ಕೇಳಿದರೆ ‘ಹೇಳಲಾಗದು’ ಎಂಬುದೇ ಸರಿಯುತ್ತರ. ಆ ಆಯ್ಕೆಯನ್ನೇ ಕೊಡದ ಪ್ರಶ್ನೆಪತ್ರಿಕೆ ನನ್ನ ಮಟ್ಟಿಗೆ ತಪ್ಪು ಪ್ರಶ್ನೆಪತ್ರಿಕೆ.

ಮಾಡೆಲ್ ಒಂದು ಟ್ರೈನಿಂಗ್‌ನಲ್ಲಿ ನೂರಕ್ಕೆ 100, ಟೆಸ್ಟ್‌ನಲ್ಲಿ 94. ಇನ್ನೊಂದು 91 ಮತ್ತು 90 ಎಂದಿಟ್ಟುಕೊಳ್ಳಿ. ಅಂತರ ಕಡಿಮೆ ಎಂದು ಎರಡನೆಯದನ್ನು ಆರಿಸುವವರಿದ್ದಾರೆ. ಆದರೆ ನಮಗೆ ಬೇಕಾದದ್ದು ಅಂತರವಲ್ಲ, ಹೊಸದರ ಮುಂದೆ ಸಿಗುವ ಅಂಕ. ಅಲ್ಲಿ ಮೊದಲನೆಯದೇ ಮುಂದು. ಅದೂ ಟೆಸ್ಟ್ ಡೇಟಾ ಎಷ್ಟಿತ್ತು ಎಂದು ಕೇಳಿದ ಮೇಲೆ. 5,000 ಉದಾಹರಣೆಗಳಿದ್ದರೆ ಆ ನಾಲ್ಕು ಅಂಶ 200 ಸರಿಯುತ್ತರಗಳ ವ್ಯತ್ಯಾಸ. 50 ಮಾತ್ರ ಇದ್ದರೆ ಕೇವಲ ಎರಡು. ಬೇರೆ 50ನ್ನು ಆರಿಸಿದ್ದರೆ ಸ್ಥಾನ ಅದಲುಬದಲಾಗಲೂಬಹುದಿತ್ತು.