ಅಶ್ವಶಕ್ತಿ ಒಂದೇ, ಎಳೆತ ಬೇರೆ

ಹ್ಯುಂಡೈ ಕ್ರೆಟಾ ಕಾರು 1.5 ಲೀಟರಿನ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲೂ ಬರುತ್ತದೆ, ಅಷ್ಟೇ ಗಾತ್ರದ ಡೀಸೆಲ್ ಎಂಜಿನ್ನಿನಲ್ಲೂ ಬರುತ್ತದೆ. ಪೆಟ್ರೋಲಿನದು 115 ಅಶ್ವಶಕ್ತಿ, ಡೀಸೆಲಿನದು 116. ಇದನ್ನಷ್ಟೇ ನೋಡಿದರೆ ಎರಡೂ ಸಮ. ಆದರೆ ಐದು ಜನ ಕೂತು, ಡಿಕ್ಕಿ ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಡೀಸೆಲ್ ಗಾಡಿ ಸದ್ದಿಲ್ಲದೆ ಎಳೆಯುತ್ತದೆ; ಪೆಟ್ರೋಲ್ ಗಾಡಿಯಲ್ಲಿ ಗೇರು ಇಳಿಸಿ ಎಂಜಿನ್ ಕೂಗಿಸಬೇಕಾಗುತ್ತದೆ. ಈ ವ್ಯತ್ಯಾಸ ಕಾಣುವುದು ಟಾರ್ಕ್ ಲೆಕ್ಕದಲ್ಲಿ: ಪೆಟ್ರೋಲಿನದು 144 ನ್ಯೂಟನ್ ಮೀಟರ್, ಡೀಸೆಲಿನದು 250.

ಟಾರ್ಕ್ ಎಂದರೆ ತಿರುಗಿಸುವ ಬಲ. ಪಂಕ್ಚರಾದ ಚಕ್ರದ ನಟ್ಟಿಗೆ ಕಾಲು ಮೀಟರ್ ಉದ್ದದ ಸ್ಪ್ಯಾನರ್ ಹಾಕಿ, ಅದರ ತುದಿಯನ್ನು 40 ಕಿಲೋ ಭಾರದಷ್ಟು ಒತ್ತಿದರೆ ನಟ್ಟಿನ ಮೇಲೆ ಸುಮಾರು 100 ನ್ಯೂಟನ್ ಮೀಟರ್ ಟಾರ್ಕ್ ಬೀಳುತ್ತದೆ. ತುಕ್ಕು ಹಿಡಿದ ನಟ್ಟು ಅಲುಗಾಡದಿದ್ದರೂ ಟಾರ್ಕ್ ಅಷ್ಟೇ ಇರುತ್ತದೆ. ಆದರೆ ಆಗ ನಡೆದ ಕೆಲಸ ಸೊನ್ನೆ, ಅಶ್ವಶಕ್ತಿಯೂ ಸೊನ್ನೆ. ಅದೇ ಬಲದಲ್ಲಿ ನಟ್ಟು ಎಷ್ಟು ವೇಗವಾಗಿ ತಿರುಗುತ್ತದೋ ಅಷ್ಟು ಅಶ್ವಶಕ್ತಿ ಹುಟ್ಟುತ್ತದೆ. ಹಾಗಾಗಿ ಟಾರ್ಕನ್ನು ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಿಂದ, ಅಂದರೆ ಆರ್‌ಪಿಎಂನಿಂದ ಗುಣಿಸಿ, ಸುಮಾರು 7024ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ.

ಈ ಲೆಕ್ಕವನ್ನು ಘಾಟಿಗೆ ಹಚ್ಚೋಣ. ಜನ, ಸಾಮಾನು ಸೇರಿ 1600 ಕಿಲೋ ತೂಗುವ ಕಾರು, ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 20 ಅಶ್ವಶಕ್ತಿ ಸಾಕು. 1500 ಆರ್‌ಪಿಎಂನಲ್ಲಿ ಡೀಸೆಲ್ ಎಂಜಿನ್ ತನ್ನ 250 ಟಾರ್ಕನ್ನು ಪೂರ್ತಿಯಾಗಿ ಕೊಡುತ್ತದೆ. ಅಂದರೆ 53 ಅಶ್ವಶಕ್ತಿ. ಪೆಟ್ರೋಲ್ ಎಂಜಿನ್ನಿನ 144 ಬರುವುದು 4500ಕ್ಕೆ. 1500ರಲ್ಲೇ ಅಷ್ಟೂ ಬಂತೆಂದು ಇಟ್ಟುಕೊಂಡರೂ 31 ದಾಟುವುದಿಲ್ಲ, ನಿಜದಲ್ಲಿ ಇನ್ನೂ ಕಡಿಮೆ. ತಿರುವು ಮುಗಿಸಿ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದಾಗ ಡೀಸೆಲಿನ ಬಳಿ ಉಳಿದಿರುವುದು ಮೂವತ್ತಕ್ಕೂ ಹೆಚ್ಚು, ಪೆಟ್ರೋಲಿನ ಬಳಿ ಹತ್ತು ಇದ್ದರೆ ಹೆಚ್ಚು. ಇದನ್ನೇ ನಾವು ಪಿಕಪ್ ಎನ್ನುತ್ತೇವೆ.

ಹಾಗೆಂದು ಪೆಟ್ರೋಲ್ ಎಂಜಿನ್ ಬಡಕಲಲ್ಲ. ಗೇರು ಇಳಿಸಿ 3000ಕ್ಕೆ ಏರಿಸಿದರೆ ಅದೂ ಅರವತ್ತರ ಹತ್ತಿರ ಬರುತ್ತದೆ. ಚಕ್ರಕ್ಕೆ ತಲುಪುವ ಟಾರ್ಕನ್ನು ಗೇರ್‌ಬಾಕ್ಸ್ ಹೆಚ್ಚಿಸಬಲ್ಲದು. ಅಶ್ವಶಕ್ತಿಯನ್ನು ಹೆಚ್ಚಿಸುವ ಗೇರು ಮಾತ್ರ ಇಲ್ಲ.

ಡೀಸೆಲಿಗೆ ಈ ಎಳೆತ ಎಲ್ಲಿಂದ ಬಂತು? ಇಂಧನದ ಗುಣ ಎಂದುಕೊಳ್ಳುವವರೇ ಹೆಚ್ಚು. ಆದರೆ ಹಿಂದೆ ಟರ್ಬೊ ಇಲ್ಲದೆ ಬರುತ್ತಿದ್ದ ಮಾರುತಿ ಝೆನ್ ಡೀಸೆಲ್ ಕೂಡ 1.5 ಲೀಟರಿನದೇ; ಅದರ ಟಾರ್ಕ್ ನೂರನ್ನೂ ಮುಟ್ಟುತ್ತಿರಲಿಲ್ಲ. ಡೀಸೆಲ್ ಹೊಗೆಯಿಲ್ಲದೆ ಉರಿಯಬೇಕಾದರೆ ಅಗತ್ಯಕ್ಕಿಂತ ಹೆಚ್ಚು ಗಾಳಿ ಬೇಕು. ಸಿಲಿಂಡರ್ ತಾನಾಗಿ ಎಳೆದುಕೊಳ್ಳುವ ಗಾಳಿಯಲ್ಲಿ ಉರಿಸಬಹುದಾದ ಡೀಸೆಲ್ ಸ್ವಲ್ಪವೇ. ಹೊರಬರುವ ಹೊಗೆಯ ರಭಸದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಈ ಕೊರತೆಯನ್ನು ನೀಗಿಸಿತು.

ಟರ್ಬೊ ಡೀಸೆಲಿಗೆ ಚೆನ್ನಾಗಿ ಒಗ್ಗುವುದಕ್ಕೂ ಕಾರಣವಿದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ, ಪೆಟ್ರೋಲ್ ಮೊದಲೇ ಬೆರೆತಿರುತ್ತವೆ; ನಿಧಾನ ವೇಗದಲ್ಲಿ ಹೆಚ್ಚು ಒತ್ತಿದರೆ ಮಿಶ್ರಣ ಅಲ್ಲಲ್ಲಿ ತಾನೇ ಹೊತ್ತಿಕೊಂಡು ಎಂಜಿನ್ ‘ನಾಕ್’ ಹೊಡೆಯುತ್ತದೆ, ಪಿಸ್ಟನ್ನಿಗೂ ಪೆಟ್ಟು. ಡೀಸೆಲಿನಲ್ಲಿ ಒತ್ತುವುದು ಬರೀ ಗಾಳಿಯನ್ನು. ಅದು ಕಾದು ಕೆಂಡವಾದ ಮೇಲೆ, ಕೊನೆಯಲ್ಲಿ, ಇಂಜೆಕ್ಟರ್ ಇಂಧನ ಸಿಡಿಸುತ್ತದೆ. ಅಕಾಲದಲ್ಲಿ ಹೊತ್ತಿಕೊಳ್ಳಲು ಅಲ್ಲಿ ಇಂಧನವೇ ಇರುವುದಿಲ್ಲ.

ಈ ಅನುಕೂಲಕ್ಕೆ ಎರಡು ಗಡಿಗಳಿವೆ. ಮೇಲಿನದು ವೇಗದ್ದು: ಒತ್ತಡ ತಡೆಯಲು ಪಿಸ್ಟನ್ ಮುಂತಾದ ಭಾಗಗಳು ದಪ್ಪ, ಭಾರ, ಸಿಡಿಸಿದ ಇಂಧನ ಗಾಳಿಯಲ್ಲಿ ಬೆರೆತು ಉರಿಯಲೂ ಸಮಯ ಬೇಕು. ಆದ್ದರಿಂದ ಕ್ರೆಟಾ ಡೀಸೆಲ್ 4000ಕ್ಕೇ ತನ್ನ ಶಿಖರ ಮುಟ್ಟುತ್ತದೆ, ಪೆಟ್ರೋಲ್ 6300ರವರೆಗೂ ಏರುತ್ತದೆ. ಕೆಳಗಿನ ಗಡಿ ಟರ್ಬೊದ್ದು. ಹಂಪ್ ದಾಟಿ ಎರಡನೇ ಗೇರಿನಲ್ಲಿ ಸಾವಿರದ ಆಸುಪಾಸಿನಲ್ಲಿ ಆಕ್ಸಿಲರೇಟರ್ ತುಳಿದರೆ ಡೀಸೆಲ್ ಗಾಡಿಯೂ ನಡುಗುತ್ತದೆ, ಮುಂದೆ ಹೋಗುವುದಿಲ್ಲ. ಟರ್ಬೊ ತಿರುಗಿಸುವಷ್ಟು ಹೊಗೆ ಆಗ ಇರುವುದಿಲ್ಲ. ಅಲ್ಲಿ ಒಂದನೇ ಗೇರೇ ಸರಿ. 2000 ದಾಟಿದ ಮೇಲೂ ಎಳೆತ ಬಾರದೆ ಕಪ್ಪು ಹೊಗೆ ಕಾರಿದರೆ, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಪೈಪು ಬಿರುಕು ಬಿಟ್ಟಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ಮೊದಲು ನೋಡಿಸಬೇಕು.

ಈಗ ಪೆಟ್ರೋಲನ್ನೂ ನೇರವಾಗಿ ಸಿಲಿಂಡರಿನೊಳಕ್ಕೇ ಸಿಡಿಸುವ ಟರ್ಬೊ ಎಂಜಿನ್‌ಗಳಿವೆ. ಸಿಡಿದ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ ತಣಿಯುತ್ತದೆ, ನಾಕ್ ಹಿಂದೆ ಸರಿಯುತ್ತದೆ. ಅದೇ ಕ್ರೆಟಾದ 1.5 ಲೀಟರ್ ಟರ್ಬೊ ಪೆಟ್ರೋಲ್ 1500 ಆರ್‌ಪಿಎಂನಲ್ಲೇ 253 ನ್ಯೂಟನ್ ಮೀಟರ್ ಕೊಡುತ್ತದೆ, ಡೀಸೆಲಿಗಿಂತ ಮೂರು ಹೆಚ್ಚು. ಕಾರು ಕೊಳ್ಳುವಾಗ ಪೆಟ್ರೋಲೋ ಡೀಸೆಲೋ ಎನ್ನುವ ಜೊತೆಗೆ, ಆ ಟಾರ್ಕ್ ಎಷ್ಟು ಆರ್‌ಪಿಎಂನಿಂದ ಶುರುವಾಗುತ್ತದೆ ಎಂದೂ ಕೇಳಿದರೆ, ಘಾಟಿಯಲ್ಲಿ ಗಾಡಿ ಹೇಗೆ ಎಳೆದೀತು ಎಂಬುದು ಶೋರೂಮಿನಲ್ಲೇ ಗೊತ್ತಾಗುತ್ತದೆ.