ಎಂಟಕ್ಕಿಂತ ಅರವತ್ತೈದು ದೊಡ್ಡದಲ್ಲವೇ?

3.8 ಮತ್ತು 3.65. ಇವೆರಡರಲ್ಲಿ ದೊಡ್ಡದು ಯಾವುದು ಎಂದು ಆರನೇ ತರಗತಿಯಲ್ಲಿ ಕೇಳಿ ನೋಡಿ, 3.65 ಎನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಹಾಗೆ ಬರೆದ ಹಾಳೆಯ ಮೇಲೆ ಕೆಂಪು ಗೀಟು ಬೀಳುತ್ತದೆ. ಪಕ್ಕದಲ್ಲಿ ‘ಗಮನವಿಟ್ಟು ಮಾಡು’ ಎಂಬ ಬುದ್ಧಿಮಾತೂ ಇರುತ್ತದೆ. ಆದರೆ ಮಗು ಗಮನವಿಟ್ಟೇ ಮಾಡಿರುತ್ತದೆ. ಬಿಂದುವಿನ ಎಡಕ್ಕೆ ಎರಡರಲ್ಲೂ 3 ಇದೆ, ಬಲಕ್ಕೆ ಒಂದರಲ್ಲಿ 8, ಇನ್ನೊಂದರಲ್ಲಿ 65. ಎಂಟಕ್ಕಿಂತ ಅರವತ್ತೈದು ದೊಡ್ಡದು ಎಂದು ಒಂದನೇ ತರಗತಿಯಿಂದ ಕಲಿತಿದ್ದನ್ನೇ ಅದು ಇಲ್ಲೂ ಬಳಸಿದೆ.

ದೊಡ್ಡ ಮಕ್ಕಳಿಗಾಗಿ ಗಣಿತದ ಕಥೆ ಬರೆಯುವವರಿಗೆ ಈ ತಪ್ಪು ಒದಗಿಬರುವುದು ಅದಕ್ಕೇ. ಕೈತಪ್ಪಿ ಬರೆದ ಅಂಕಿಯಿಂದ ಕಥೆ ಹುಟ್ಟುವುದಿಲ್ಲ, ತಿದ್ದಿದರೆ ಮುಗಿಯಿತು. ತಪ್ಪಿನ ಹಿಂದೆ ಒಂದು ನಿಯಮವಿದ್ದರೆ ಮಾತ್ರ ಪಾತ್ರ ಅದನ್ನು ಸಮರ್ಥಿಸಿಕೊಳ್ಳುತ್ತದೆ, ವಾದಕ್ಕಿಳಿಯುತ್ತದೆ, ಸೋಲುತ್ತದೆ. ಲಾರೆನ್ ರೆಸ್ನಿಕ್ ಮತ್ತು ಸಂಗಡಿಗರು ಅಮೆರಿಕ, ಇಸ್ರೇಲ್, ಫ್ರಾನ್ಸ್‌ಗಳ ಮಕ್ಕಳನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ನಿಯಮಗಳನ್ನು ವಿಂಗಡಿಸಿ ತೋರಿಸಿತು. ಮುಂದೆ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲ್ ಅವುಗಳನ್ನು ಪತ್ತೆಹಚ್ಚುವ ಪ್ರಶ್ನೆಪತ್ರಿಕೆಯನ್ನೇ ರೂಪಿಸಿದರು. ಅವರು ಗುರುತಿಸಿದವುಗಳಲ್ಲಿ ಎರಡು ಮುಖ್ಯ: ‘ಉದ್ದವಿದ್ದರೆ ದೊಡ್ಡದು’ ಎನ್ನುವ ಮಕ್ಕಳು, ‘ಗಿಡ್ಡವಿದ್ದರೆ ದೊಡ್ಡದು’ ಎನ್ನುವ ಮಕ್ಕಳು. ಈ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಕಥೆ ಶುರುವಾಗುತ್ತದೆ.

ಹುಡುಗಿಗೆ ಕಾವೇರಿ ಎಂದೂ ಹುಡುಗನಿಗೆ ಮಂಜು ಎಂದೂ ಹೆಸರಿಡೋಣ. ಶಾಲೆಯಲ್ಲಿ ಕ್ರೀಡಾಕೂಟ ಹತ್ತಿರ ಬಂದಿದೆ, ಮೇಷ್ಟ್ರು ಕೊಟ್ಟ ವರ್ಕ್‌ಶೀಟ್‌ನಲ್ಲೂ ಉದ್ದ ಜಿಗಿತದ ಅಳತೆಗಳೇ. ಪ್ರತಿ ಜೋಡಿಯಲ್ಲಿ ಗೆದ್ದವರಿಗೆ ಸುತ್ತು ಹಾಕಬೇಕು: 3.8 ಮತ್ತು 3.65, 4.2 ಮತ್ತು 4.15, 2.9 ಮತ್ತು 2.75. ಕಾವೇರಿಗೆ ಮೂರಕ್ಕೆ ಸೊನ್ನೆ. ಮಂಜುವಿಗೆ ಮೂರಕ್ಕೆ ಮೂರು.

“3.8 ಅಂದ್ರೆ ಮೂರು ಮೀಟರ್ ಎಂಟು ಸೆಂಟಿಮೀಟರ್ ತಾನೆ ಸಾರ್?” ಎನ್ನುತ್ತಾಳೆ ಕಾವೇರಿ. “ಕ್ರಿಕೆಟ್‌ನಲ್ಲಿ 3.4 ಓವರ್ ಅಂದ್ರೆ ಮೂರು ಓವರು, ನಾಲ್ಕು ಬಾಲು. ಹಾಗೇ ಇದೂ.”

ಇದು ಗಟ್ಟಿ ವಾದ. ಟಿ.ವಿ.ಯಲ್ಲಿ ದಿನವೂ ಕಾಣುವ ಆ ಬಿಂದು ಓವರನ್ನೂ ಬಾಲನ್ನೂ ಬೇರ್ಪಡಿಸುವ ಗೆರೆಯಷ್ಟೇ. 3.5 ಆದಮೇಲೆ ಇನ್ನೊಂದು ಬಾಲ್ ಹಾಕಿದರೆ 4 ಓವರ್ ಆಗುತ್ತದೆ, ಏಕೆಂದರೆ ಅಲ್ಲಿ ಆರಕ್ಕೆ ಒಂದು. ದಶಮಾಂಶದಲ್ಲಿ ಹತ್ತಕ್ಕೆ ಒಂದು. ಹಣದ ಲೆಕ್ಕದಿಂದಲೂ ಕಾವೇರಿಗೆ ಸಹಾಯವಾಗದು. ಬಿಲ್ಲಿನಲ್ಲಿ ₹12.50, ₹12.75 ಎಂದು ಬಿಂದುವಿನ ನಂತರ ಯಾವಾಗಲೂ ಎರಡೇ ಅಂಕಿ. ತರಕಾರಿ ಅಂಗಡಿಯ ತಕ್ಕಡಿ 1.250 ಎಂದು ಮೂರು ಅಂಕಿ ತೋರಿಸುತ್ತದೆ. ಎರಡೂ ಕಡೆ ಅಂಕಿಗಳ ಉದ್ದ ಸಮವಾಗಿದ್ದಾಗ ಅವಳ ತಪ್ಪು ನಿಯಮವೂ ಸರಿಯುತ್ತರವನ್ನೇ ಕೊಡುತ್ತದೆ. ಇಷ್ಟು ದಿನ ಅದು ಸಿಕ್ಕಿಬೀಳದೆ ಉಳಿದದ್ದು ಹೀಗೆ.

ಇಲ್ಲಿ ಕಥೆಗಾರ ಅವಸರಪಟ್ಟು “ಟೇಪು ತಂದು ಅಳೆದರು, ತಪ್ಪು ತಿಳಿಯಿತು” ಎಂದು ಬರೆದುಬಿಡುವ ಅಪಾಯವಿದೆ. ಟೇಪು ತಾನಾಗಿ ಏನನ್ನೂ ಹೇಳುವುದಿಲ್ಲ. ಮರಳಿನ ಅಂಕಣದ ಬಳಿ ಟೇಪು ಹಾಸಿ 3.8 ತೋರಿಸು ಎಂದರೆ ಕಾವೇರಿ ನೆಟ್ಟಗೆ ಹೋಗಿ ಮೂರು ಮೀಟರ್ ಎಂಟು ಸೆಂಟಿಮೀಟರ್ ಮೇಲೆ ಕಡ್ಡಿ ನೆಡುತ್ತಾಳೆ. 3.65ಕ್ಕೆ ಅರವತ್ತೈದು ಸೆಂಟಿಮೀಟರ್ ಮೇಲೆ ಇನ್ನೊಂದು ಕಡ್ಡಿ. ಅವಳ ಉತ್ತರವೇ ಸರಿ ಎಂಬಂತೆ ಎರಡೂ ಕಡ್ಡಿ ನಿಂತಿರುತ್ತವೆ.

ಮೇಷ್ಟ್ರು ಆಗ ಟೇಪು ಬಿಟ್ಟು 365 ಎಂದು ನೆಲದ ಮೇಲೆ ಬರೆಯುತ್ತಾರೆ. ನೂರರ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಬಂದಾಗ ಬೆಲೆ ಎಷ್ಟು ಪಟ್ಟು ಇಳಿಯಿತು? ಹತ್ತು ಪಟ್ಟು. ಹತ್ತರಿಂದ ಬಿಡಿ ಸ್ಥಾನಕ್ಕೆ? ಮತ್ತೆ ಹತ್ತು ಪಟ್ಟು. ಬಿಡಿ ಸ್ಥಾನ ದಾಟಿ ಬಲಕ್ಕೆ ಇನ್ನೊಂದು ಹೆಜ್ಜೆ ಇಟ್ಟರೆ? ಒಂದರ ಹತ್ತನೇ ಒಂದು ಭಾಗ ಎನ್ನುತ್ತಾಳೆ ಕಾವೇರಿ. ಇಲ್ಲಿ ಒಂದು ಎಂದರೆ ಒಂದು ಮೀಟರ್, ಅದರ ಹತ್ತನೇ ಒಂದು ಭಾಗ ಹತ್ತು ಸೆಂಟಿಮೀಟರ್. ಹತ್ತು ಸೆಂಟಿಮೀಟರಿನ ಕಾಗದದ ಪಟ್ಟಿಗಳನ್ನೂ ಒಂದು ಸೆಂಟಿಮೀಟರಿನ ಚೂರುಗಳನ್ನೂ ಕತ್ತರಿಸಿಕೊಂಡು ಮಕ್ಕಳು ಮೂರು ಮೀಟರಿನ ಗುರುತಿನಿಂದ ಜೋಡಿಸತೊಡಗುತ್ತಾರೆ. 3.8ಕ್ಕೆ ಎಂಟು ಪಟ್ಟಿ. 3.65ಕ್ಕೆ ಆರು ಪಟ್ಟಿ, ಐದು ಚೂರು. ಎಂಟು ಪಟ್ಟಿಯ ಸಾಲು ಹದಿನೈದು ಸೆಂಟಿಮೀಟರ್ ಮುಂದೆ ಹೋಗುತ್ತದೆ.

“ಹಾಗಾದ್ರೆ ನಾನು ನೆಟ್ಟ ಎಂಟು ಸೆಂಟಿಮೀಟರ್ ಏನು ಸಾರ್?” ಪಟ್ಟಿ ಒಂದೂ ಇಲ್ಲ, ಚೂರು ಎಂಟು. ಪಟ್ಟಿಯ ಜಾಗದಲ್ಲಿ ಸೊನ್ನೆ, ಚೂರಿನ ಜಾಗದಲ್ಲಿ ಎಂಟು. ಮೂರು ಮೀಟರ್ ಎಂಟು ಸೆಂಟಿಮೀಟರ್ ಅಂದರೆ 3.08 ಎಂದು ಅವಳೇ ಬರೆದುಕೊಳ್ಳುತ್ತಾಳೆ.

ಬಹಳಷ್ಟು ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ಮಂಜು ಇನ್ನೂ ಬಾಕಿ ಇದ್ದಾನೆ.

ಮಾರನೇ ದಿನದ ವರ್ಕ್‌ಶೀಟ್‌ನಲ್ಲಿ ಮೇಷ್ಟ್ರು ಒಂದೇ ಲೆಕ್ಕ ಕೊಡುತ್ತಾರೆ: 3.6 ಮತ್ತು 3.75. ಮೂರಕ್ಕೆ ಮೂರು ತೆಗೆದಿದ್ದ ಮಂಜು 3.6ಕ್ಕೆ ಸುತ್ತು ಹಾಕುತ್ತಾನೆ. ಅವನಿಗೂ ಕಾರಣವಿದೆ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಎಂದು ಪಾಠದಲ್ಲಿ ಕೇಳಿದ್ದಾನೆ, ಆದ್ದರಿಂದ ಎರಡು ಅಂಕಿ ಇರುವ ಸಂಖ್ಯೆ ಯಾವಾಗಲೂ ಚಿಕ್ಕದು ಎಂದುಕೊಂಡಿದ್ದಾನೆ. ಭಾಗ ಎಷ್ಟು ದೊಡ್ಡದು ಎಂದು ನೋಡಿದ, ಅಂಥ ಭಾಗಗಳು ಎಷ್ಟಿವೆ ಎಂದು ಎಣಿಸಲಿಲ್ಲ. ಮೊದಲ ಹಾಳೆಯ ಮೂರೂ ಜೋಡಿಗಳಲ್ಲಿ ಗಿಡ್ಡ ಸಂಖ್ಯೆಯೇ ದೊಡ್ಡದಾಗಿದ್ದರಿಂದ ಅವನ ತಪ್ಪು ನಿಯಮಕ್ಕೆ ಪೂರ್ಣ ಅಂಕ ಬಂದಿತ್ತು. ಅದೇ ಹಾಳೆಯಲ್ಲಿ 3.6 ಮತ್ತು 3.75ರಂಥ ಜೋಡಿಗಳೇ ಇದ್ದಿದ್ದರೆ ಮೂರಕ್ಕೆ ಮೂರು ಕಾವೇರಿಗೆ ಸಿಗುತ್ತಿತ್ತು. ಇಬ್ಬರ ನಿಯಮವೂ ಹೊರಬೀಳಬೇಕಾದರೆ ಎರಡೂ ಬಗೆಯ ಜೋಡಿಗಳು ಒಂದೇ ಹಾಳೆಯಲ್ಲಿರಬೇಕು.

ಅವನನ್ನು ಒಪ್ಪಿಸಲು ಕ್ರೀಡಾ ಇತಿಹಾಸವೇ ಸಾಕು. 1968ರಲ್ಲಿ ಮೆಕ್ಸಿಕೋ ನಗರದ ಒಲಿಂಪಿಕ್ಸ್‌ನಲ್ಲಿ ಬಾಬ್ ಬೀಮನ್ 8.90 ಮೀಟರ್ ಜಿಗಿದರು. ಆ ದಾಖಲೆಯನ್ನು 1991ರಲ್ಲಿ ಟೋಕಿಯೊದಲ್ಲಿ ಮೈಕ್ ಪೊವೆಲ್ 8.95 ಮೀಟರ್ ಜಿಗಿದು ಮುರಿದರು. ಬೀಮನ್ ಜಿಗಿತವನ್ನು ಸೊನ್ನೆ ಬಿಟ್ಟು 8.9 ಎಂದು ಬರೆದರೆ ಮಂಜುವಿನ ಲೆಕ್ಕದಲ್ಲಿ ಪೊವೆಲ್ ದಾಖಲೆ ಮುರಿದೇ ಇಲ್ಲ!

“ಕೊನೆಗೆ ಸೊನ್ನೆ ಸೇರಿಸಿ ಉದ್ದ ಸಮ ಮಾಡಿಕೊಂಡರೆ ಆಯಿತಲ್ಲ?” ಎನ್ನುವವರಿದ್ದಾರೆ. 3.8ನ್ನು 3.80 ಮಾಡಿದರೆ ಉತ್ತರ ಸರಿಬರುತ್ತದೆ, ನಿಜ. ಆದರೆ 80ಕ್ಕೂ 65ಕ್ಕೂ ಹೋಲಿಕೆ ಮಾಡುತ್ತಿರುವ ಮಗು ಈಗಲೂ ಪೂರ್ಣಸಂಖ್ಯೆಗಳಲ್ಲೇ ಯೋಚಿಸುತ್ತಿರಬಹುದು. ಸೇರಿಸಿದ ಸೊನ್ನೆಯಿಂದ ಜಿಗಿತದ ಉದ್ದ ಏಕೆ ಬದಲಾಗಲಿಲ್ಲ ಎಂದು ಕೇಳಿದಾಗ ಒಳಗುಟ್ಟು ತಿಳಿಯುತ್ತದೆ. ಎಂಟು ಪಟ್ಟಿ ಜೋಡಿಸಿದ ಮಗು “ಚೂರು ಒಂದೂ ಹಾಕಿಲ್ಲವಲ್ಲ” ಎನ್ನುತ್ತದೆ. ಉಪಾಯವನ್ನಷ್ಟೇ ಕಲಿತ ಮಗು “ಹಾಗೆ ಮಾಡ್ಬೇಕು ಅಂತ ಹೇಳಿದ್ದಾರೆ” ಎನ್ನುತ್ತದೆ.

ಕ್ರೀಡಾಕೂಟದ ದಿನ ಅಳತೆ ಬರೆದುಕೊಳ್ಳುವ ಕೆಲಸ ಇಬ್ಬರಿಗೇ ಬೀಳಲಿ. ಟೇಪಿನಲ್ಲಿ ಸೆಂಟಿಮೀಟರಿನ ನಡುವೆಯೂ ಗೆರೆಗಳಿವೆ, ಒಂದು ಜಿಗಿತ ಸರಿಯಾಗಿ 3.657ರ ಮೇಲೆ ನಿಲ್ಲುತ್ತದೆ. ಕಾವೇರಿ 3.66 ಎಂದು ಬರೆಯಹೊರಟರೆ ಮೇಷ್ಟ್ರು ತಡೆಯುತ್ತಾರೆ. ಅಥ್ಲೆಟಿಕ್ಸ್ ನಿಯಮದಂತೆ ಪೂರ್ಣ ಸೆಂಟಿಮೀಟರ್ ಆಗದ ಭಾಗವನ್ನು ಬಿಟ್ಟು ಕೆಳಗಿನ ಸೆಂಟಿಮೀಟರನ್ನೇ ದಾಖಲಿಸಬೇಕು, ಹಾಗಾಗಿ 3.65. ಜಿಗಿದವನು ಮಂಜುವಿನ ತಮ್ಮ.

“ಮತ್ತೆ ಆ ಏಳು ಮಿಲಿಮೀಟರ್ ಯಾರ ಲೆಕ್ಕಕ್ಕೆ ಸಾರ್?” ಎಂದು ಮಂಜು ಜಗಳಕ್ಕೆ ನಿಲ್ಲುತ್ತಾನೆ.