ನೀರಿಗಿಳಿದ ಕೂಡಲೇ ಬ್ಲೂಟೂತ್ ಯಾಕೆ ಮೂಕವಾಗುತ್ತೆ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಮೆಸ್ ಬಿಲ್‌ನಲ್ಲಿ ಉಳಿಸಿದ ದುಡ್ಡಿಗೆ ಇನ್ನಷ್ಟು ಸೇರಿಸಿ ವಾಟರ್‌ಪ್ರೂಫ್ ಇಯರ್‌ಬಡ್ಸ್ ತಗೊಂಡ. ಬೆಳಗ್ಗೆ ಈಜುಕೊಳದಲ್ಲಿ ನಲವತ್ತು ಲ್ಯಾಪ್ ಹೊಡೆಯೋದು ಅವನ ಅಭ್ಯಾಸ. ಹಾಡು ಕೇಳ್ತಾ ಈಜಿದರೆ ಬೇಜಾರಾಗಲ್ಲ ಅನ್ನೋದು ಲೆಕ್ಕಾಚಾರ. ಡಬ್ಬದ ಮೇಲೆ ‘ಐಪಿಎಕ್ಸ್ 7’ ಅಂತ ದೊಡ್ಡದಾಗಿ ಬರೆದಿತ್ತು. ಫೋನನ್ನು ದಡದ ಕುರ್ಚಿ ಮೇಲಿಟ್ಟು ನೀರಿಗಿಳಿದ. ಗೋಡೆ ಹಿಡಿದು ನಿಂತಾಗ ಹಾಡು ಚೆನ್ನಾಗೇ ಬಂತು. ತಲೆ ಮುಳುಗಿಸಿ ಕೈ ಬೀಸಿದ್ದೇ ತಡ, ಹಾಡು ತುಂಡು ತುಂಡಾಯ್ತು. ಕೊಳದ ಆ ತುದಿ ತಲುಪೋ ಹೊತ್ತಿಗೆ ಪೂರ್ತಿ ನಿಂತೇ ಹೋಯ್ತು.

“ಪೀಸ್ ಡಿಫೆಕ್ಟಿವ್ ಇರಬೇಕು ಮಗಾ” ಅಂತ ಬದಲಾಯಿಸಿಕೊಂಡು ಬಂದ. ಹೊಸದೂ ಹಾಗೇ ಆಯ್ತು. ಆಗ ನಾವೆಲ್ಲ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆವು. ತಪ್ಪು ಇಯರ್‌ಬಡ್‌ನದ್ದಲ್ಲ, ನೀರಿನದ್ದು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇವೆ. ಈಜಲಿಕ್ಕೆ ಅಂತ ಹೆಡ್‌ಫೋನ್ ತಗೊಳ್ಳೋ ಯೋಚನೆ ಇದ್ದವರು ದುಡ್ಡು ಕೊಡೋ ಮುಂಚೆ ಓದಿ.

ವಾಟರ್‌ಪ್ರೂಫ್ ಅಂದರೆ ಏನಕ್ಕೆ ಪ್ರೂಫ್?

ಐಪಿ ರೇಟಿಂಗ್ ಅನ್ನೋದು ಐಇಸಿ 60529 ಎಂಬ ಮಾನಕದಿಂದ ಬಂದದ್ದು. ಅದು ಉತ್ತರಿಸುವ ಪ್ರಶ್ನೆ ಒಂದೇ: ಸಾಧನದ ಒಳಗೆ ನೀರು ನುಗ್ಗುತ್ತಾ, ಇಲ್ವಾ? ಐಪಿಎಕ್ಸ್ 4 ಅಂದರೆ ನೀರು ಸಿಡಿದರೆ ತಡೆಯುತ್ತೆ. ಐಪಿಎಕ್ಸ್ 7 ಅಂದರೆ 1 ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡಲ್ಲ. ಐಪಿಎಕ್ಸ್ 8 ಅದಕ್ಕಿಂತ ಕಠಿಣ, ಆಳ ಮತ್ತು ಸಮಯವನ್ನು ತಯಾರಕರೇ ಹೇಳಬೇಕು. ಕ್ಲೋರಿನ್ ನೀರು, ಉಪ್ಪುನೀರು, ಕೈಕಾಲು ಬಡಿಯುವಾಗ ಬೀಳೋ ಒತ್ತಡ ಇವೆಲ್ಲ ಆ ಪರೀಕ್ಷೆಯಲ್ಲಿ ಇರಲ್ಲ. ಮುಖ್ಯವಾಗಿ, ಸಿಗ್ನಲ್ ಬರುತ್ತಾ ಅನ್ನೋದನ್ನು ಆ ಪರೀಕ್ಷೆಯಲ್ಲಿ ಯಾರೂ ಕೇಳೋದೇ ಇಲ್ಲ. ನಮ್ಮ ಗೆಳೆಯನ ಇಯರ್‌ಬಡ್ಸ್ ನೀರಿನಲ್ಲೂ ಬದುಕಿದ್ದವು. ಆದರೆ ಅವಕ್ಕೆ ಹಾಡು ತಲುಪುತ್ತಿರಲಿಲ್ಲ, ಅಷ್ಟೇ.

ನೀರು ಅಲೆಯನ್ನು ಹೇಗೆ ನುಂಗುತ್ತೆ

ಬ್ಲೂಟೂತ್ ಕೆಲಸ ಮಾಡೋದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಮೈಕ್ರೋವೇವ್ ಓವನ್ ಕೂಡ ಸುಮಾರು ಅದೇ ಜಾಗದಲ್ಲಿ, 2.45ರಲ್ಲಿ. ಇಲ್ಲೊಂದು ತಪ್ಪು ಕಲ್ಪನೆ ನಮ್ಮಲ್ಲೂ ಇತ್ತು: 2.45 ಗಿಗಾಹರ್ಟ್ಸ್ ನೀರಿನ ಅಣುವಿನ ಅನುರಣನ ಆವರ್ತನ, ಅದಕ್ಕೇ ಹೀರಿಕೊಳ್ಳುತ್ತೆ ಅಂತ. ಅದು ಸರಿಯಲ್ಲ. ನೀರಿನ ಅಣುವಿಗೆ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆಯ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುಗಳೂ ತಿರುಗಲು ನೋಡುತ್ತವೆ, ಅಕ್ಕಪಕ್ಕದವನ್ನು ತಳ್ಳಾಡುತ್ತವೆ, ಸ್ವಲ್ಪ ಹಿಂದೆ ಬೀಳುತ್ತವೆ. ಆ ಹಿಂದೆ ಬೀಳುವಿಕೆಯಲ್ಲೇ ಅಲೆಯ ಶಕ್ತಿ ಶಾಖವಾಗಿ ಸೋರುತ್ತೆ. ಈ ನಷ್ಟ ತುತ್ತತುದಿಗೆ ಹೋಗೋದು ಸುಮಾರು 20 ಗಿಗಾಹರ್ಟ್ಸ್ ಹತ್ತಿರ. 2.4ರಲ್ಲಿ ಅದರ ಏರುದಾರಿಯಲ್ಲಿದ್ದೇವೆ ಅಷ್ಟೇ. ಆದರೆ ಅಷ್ಟೇ ಸಾಕು ಹಾಡು ಕೆಡಿಸೋಕೆ.

ಎಷ್ಟು ನಷ್ಟ ಅಂತ ನೋಡೋಣ. 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿಗೆ ಈ ಆವರ್ತನದಲ್ಲಿ ಪರ್ಮಿಟಿವಿಟಿಯ ನೈಜ ಭಾಗ ಸುಮಾರು 77, ನಷ್ಟದ ಭಾಗ ಸುಮಾರು 9. ನಾಲ್ಕನೇ ಸೆಮಿಸ್ಟರ್‌ನ ಸೂತ್ರವೇ ಸಾಕು:

```
α ≈ (π f / c) · (ε″ / √ε′)
  ≈ 25.7 × (9.2 / 8.8) ≈ 27 Np/m ≈ 2.3 dB/cm
```

ಕೊಳದ ನೀರಿನಲ್ಲಿ ಲವಣಗಳು ಕರಗಿರುವುದರಿಂದ ನಷ್ಟ ಇನ್ನೂ ಕೊಂಚ ಹೆಚ್ಚು. ಸೆಂಟಿಮೀಟರ್‌ಗೆ 2.5 ಡೆಸಿಬೆಲ್ ಅಂತಿಟ್ಟುಕೊಳ್ಳೋಣ. ಅಂದರೆ ಪ್ರತಿ 1.2 ಸೆಂಟಿಮೀಟರ್‌ಗೆ ಸಿಗ್ನಲ್ ಅರ್ಧ. 10 ಸೆಂಟಿಮೀಟರ್ ದಾಟುವಷ್ಟರಲ್ಲಿ ಮುನ್ನೂರರಲ್ಲಿ ಒಂದು ಪಾಲು ಉಳಿಯುತ್ತೆ. ಗಾಳಿಯಲ್ಲಿ ಇಂಥ ಹೀರಿಕೆ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿ ಸಿಗ್ನಲ್ ದುರ್ಬಲ ಆಗೋದು ಹರಡಿಕೊಳ್ಳೋದರಿಂದ ಮಾತ್ರ.

ಮೇಲ್ಮೈಯಲ್ಲೇ ಒಂದು ಹೊಡೆತ

ನೀರೊಳಗೆ ಹೋಗೋ ಮುಂಚೆಯೇ ಇನ್ನೊಂದು ಸುಂಕ ಕಟ್ಟಬೇಕು. ನೀರಿನ ವಕ್ರೀಭವನ ಸೂಚ್ಯಂಕ ಬೆಳಕಿಗೆ 1.33. ಈ ರೇಡಿಯೋ ಅಲೆಗಳಿಗೆ ಅದು ಸುಮಾರು 8.8! ಹಾಗಾಗಿ ನೇರವಾಗಿ ಮೇಲಿಂದ ಬಿದ್ದ ಅಲೆಯಲ್ಲೂ ಶೇಕಡ 60ಕ್ಕಿಂತ ಹೆಚ್ಚು ಮೇಲ್ಮೈಯಿಂದಲೇ ವಾಪಸ್ ಹೋಗುತ್ತೆ. 4ರಿಂದ 5 ಡೆಸಿಬೆಲ್ ಅಲ್ಲೇ ಹೋಯ್ತು. ಒಳಗೆ ನುಗ್ಗಿದ ಅಲೆ ಯಾವ ಕೋನದಿಂದ ಬಂದಿದ್ದರೂ ಹೆಚ್ಚುಕಡಿಮೆ ನೇರ ಕೆಳಕ್ಕೇ ಬಾಗುತ್ತೆ, ಲಂಬದಿಂದ ಆರೂವರೆ ಡಿಗ್ರಿಗಿಂತ ಆಚೆ ಹೋಗಲ್ಲ. ಆದ್ದರಿಂದ ಲೆಕ್ಕಕ್ಕೆ ಬರೋದು ಕಿವಿ ಎಷ್ಟು ಆಳದಲ್ಲಿದೆ ಅನ್ನೋದು.

ಜೊತೆಗೆ ಆಂಟೆನಾದ ಸಮಸ್ಯೆ. ಗಾಳಿಯಲ್ಲಿ 12 ಸೆಂಟಿಮೀಟರ್ ಇರೋ ತರಂಗಾಂತರ ನೀರಿನಲ್ಲಿ 1.4ಕ್ಕೆ ಕುಗ್ಗುತ್ತೆ. ಗಾಳಿಗೆ ಹೊಂದಿಸಿದ ಪುಟ್ಟ ಆಂಟೆನಾವನ್ನು ನೀರು ಸುತ್ತುವರಿದರೆ ಅದರ ಟ್ಯೂನಿಂಗ್ ಹದ ತಪ್ಪುತ್ತೆ.

ನಮ್ಮ ಕೊಳದ ಲೆಕ್ಕ

ಈಗ ಗೆಳೆಯನ ಬೆಳಗಿನ ಕಥೆಗೆ ಅಂಕಿ ಹಾಕೋಣ. ಫೋನ್ ಕಳಿಸೋದು 4 ಡಿಬಿಎಂ. ಅವನು 5 ಮೀಟರ್ ದೂರದಲ್ಲಿದ್ದಾಗ ಗಾಳಿಯಲ್ಲಿ ಹರಡುವ ನಷ್ಟ 54 ಡೆಸಿಬೆಲ್. ಚಿಕ್ಕ ಆಂಟೆನಾ, ತಲೆ ಅಡ್ಡ ಬರೋದು ಇತ್ಯಾದಿಗೆ 10 ಕಳೆಯೋಣ. ಉಳಿಯೋದು ಮೈನಸ್ 60 ಡಿಬಿಎಂ. ಇಯರ್‌ಬಡ್‌ಗೆ ಮೈನಸ್ 90ರ ತನಕ ಕೇಳಿಸುತ್ತೆ ಅಂತಿಟ್ಟುಕೊಂಡರೆ ಕೈಯಲ್ಲಿ 30 ಡೆಸಿಬೆಲ್ ಇದೆ. ಮೇಲ್ಮೈಗೆ 5 ಹೋಯ್ತು. ಉಳಿದ 25ರಲ್ಲಿ ಸೆಂಟಿಮೀಟರ್‌ಗೆ 2.5ರಂತೆ ಖರ್ಚು ಮಾಡಿದರೆ 10 ಸೆಂಟಿಮೀಟರ್ ಆಳ.

ಅದೇ 25 ಮೀಟರ್ ಕೊಳದ ಆ ತುದಿಗೆ ಹೋದರೆ ಹರಡುವ ನಷ್ಟ ಇನ್ನೂ 14 ಹೆಚ್ಚುತ್ತೆ. ಆಗ ಉಳಿಯೋದು 11 ಡೆಸಿಬೆಲ್, ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಫ್ರೀಸ್ಟೈಲ್ ಹೊಡೆಯುವಾಗ ಕಿವಿ ಅದಕ್ಕಿಂತ ಆಳಕ್ಕೆ ಆರಾಮಾಗಿ ಹೋಗುತ್ತೆ. ಈ ಕಡೆ ತುಂಡು ತುಂಡಾಗಿ, ಆ ಕಡೆ ಪೂರ್ತಿ ಮೌನ ಯಾಕೆ ಅನ್ನೋದು ಇಲ್ಲೇ ಸಿಕ್ಕಿತು. ಇದೂ ಒಳ್ಳೆಯ ಸಂದರ್ಭದ ಲೆಕ್ಕ. ಕುರ್ಚಿ ಮೇಲಿನ ಫೋನಿನ ಅಲೆ ನೀರಿನ ಮೇಲೆ ತೀರಾ ಓರೆಯಾಗಿ ಬೀಳೋದರಿಂದ ನಿಜವಾದ ನಷ್ಟ ಇನ್ನೂ ಹೆಚ್ಚು.

ಉಸಿರಿಗೆ ತಲೆ ತಿರುಗಿಸಿದಾಗ ಒಂದು ಕಿವಿ ಮೇಲೆ ಬರುತ್ತೆ, ಕ್ಷಣಕಾಲ ಸಿಗ್ನಲ್ ಸಿಗುತ್ತೆ. ಬ್ಲೂಟೂತ್ ಸಂಪರ್ಕ ತಕ್ಷಣ ಕಡಿದುಹೋಗಲ್ಲ. ಕ್ಲಾಸಿಕ್ ಬ್ಲೂಟೂತ್‌ನಲ್ಲಿ ಎದುರಿನವರ ಸದ್ದೇ ಇಲ್ಲದಿದ್ದರೂ ಕಾಯುವ ಡೀಫಾಲ್ಟ್ ಅವಧಿ 20 ಸೆಕೆಂಡು. ಆದರೆ ಇಯರ್‌ಬಡ್‌ನ ಬಫರ್‌ನಲ್ಲಿ ಇರೋ ಹಾಡು ಸೆಕೆಂಡಿನ ಸಣ್ಣ ಪಾಲು ಮಾತ್ರ. ಅದಕ್ಕೇ ಫೋನಿನಲ್ಲಿ ‘ಕನೆಕ್ಟೆಡ್’ ಅಂತ ತೋರಿಸುತ್ತಿದ್ದರೂ ಕಿವಿಯಲ್ಲಿ ಏನೂ ಇರಲ್ಲ.

“ಹಾಗಾದ್ರೆ ಫೋನನ್ನೇ ವಾಟರ್‌ಪ್ರೂಫ್ ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಕೊಳ್ಳಲಾ?” ಅಂತ ಅವನು ಕೇಳಿದ. ಸೊಂಟದಿಂದ ಕಿವಿಗೆ 60 ಸೆಂಟಿಮೀಟರ್ ನೀರು. 60 × 2.5 ಅಂದರೆ 150 ಡೆಸಿಬೆಲ್. ಮೈಯೊಳಗಿನ ದಾರಿಯೂ ಬಹುಪಾಲು ನೀರೇ. ದಡದ ಕುರ್ಚಿಗಿಂತ ಇದು ಕಡೆ.

ಬೇರೆ ಆವರ್ತನ ಯಾಕೆ ಬಳಸಲ್ಲ?

ಆವರ್ತನ ಇಳಿಸಿದರೆ ಅಲೆ ಆಳಕ್ಕೆ ಹೋಗುತ್ತೆ, ನಿಜ. ತಮಿಳುನಾಡಿನ ತಿರುನೆಲ್ವೇಲಿ ಬಳಿ ನಮ್ಮ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಕೇಂದ್ರವಿದೆ. ಅಲ್ಲಿಂದ ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಹೋಗೋದು ಹತ್ತಿಪ್ಪತ್ತು ಕಿಲೋಹರ್ಟ್ಸ್ ಮಟ್ಟದ ಅಲೆಗಳಲ್ಲಿ. ಸಮುದ್ರದ ಉಪ್ಪುನೀರಿನಲ್ಲೂ ಅವು ಹಲವು ಮೀಟರ್ ಇಳಿಯುತ್ತವೆ. ಆದರೆ ಅದಕ್ಕೆ ಬೇಕಾದ ಆಂಟೆನಾ ಗೋಪುರಗಳೇ ಒಂದು ಊರಿನಷ್ಟು ಜಾಗ ಹಿಡಿಯುತ್ತವೆ, ಹೋಗೋದು ಸೆಕೆಂಡಿಗೆ ಕೆಲವು ನೂರು ಬಿಟ್ ಮಾತ್ರ. ಹಾಡಿಗೆ ಲಕ್ಷಗಟ್ಟಲೆ ಬಿಟ್ ಬೇಕು. ಅಷ್ಟು ಬಿಟ್‌ಗೆ ಅಗಲವಾದ ಬ್ಯಾಂಡ್ ಬೇಕು, ಅಗಲವಾದ ಬ್ಯಾಂಡ್ ಸಿಗೋದು ಎತ್ತರದ ಆವರ್ತನದಲ್ಲಿ, ಅಲ್ಲಿ ನೀರು ನುಂಗುತ್ತೆ.

ಹಾಡನ್ನೇ ಕಿವಿಯ ಹತ್ತಿರ ಇಟ್ಟರೆ

ರೇಡಿಯೋ ದಾರಿಯೇ ಬೇಡ, ಹಾಡನ್ನು ಮೊದಲೇ ಹೆಡ್‌ಫೋನ್ ಒಳಗೆ ತುಂಬಿಬಿಡಿ ಅನ್ನೋದು ಮೆಮೊರಿ ಇರೋ ಈಜು ಹೆಡ್‌ಫೋನ್‌ಗಳ ಉಪಾಯ. ಸೋನಿಯ ಎನ್‌ಡಬ್ಲ್ಯೂ-ಡಬ್ಲ್ಯೂಎಸ್ 413ರಲ್ಲಿ 4 ಜಿಬಿ ಇತ್ತು. ಶೋಕ್ಜ್ ಓಪನ್‌ಸ್ವಿಮ್ ಕೂಡ 4 ಜಿಬಿಯದ್ದು, ಅದರಲ್ಲಿ ಬ್ಲೂಟೂತ್ ಇರಲೇ ಇಲ್ಲ. ಆಮೇಲೆ ಬಂದ ಓಪನ್‌ಸ್ವಿಮ್ ಪ್ರೊದಲ್ಲಿ 32 ಜಿಬಿ ಜೊತೆಗೆ ಬ್ಲೂಟೂತ್ ಕೂಡ ಇದೆ. ಆದರೆ ಅದು ನೆಲದ ಮೇಲಿನ ಬಳಕೆಗೆ. ನೀರಿಗಿಳಿಯುವಾಗ ಎಂಪಿ3 ಮೋಡ್‌ಗೆ ಬದಲಿಸಬೇಕು. 4 ಜಿಬಿ ಕಡಿಮೆ ಅನ್ನಿಸಬಹುದು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ, ಅಂದರೆ 65 ಗಂಟೆ ದಾಟುತ್ತೆ.

ಓಪನ್‌ಸ್ವಿಮ್‌ನಂಥವು ಮೂಳೆಯ ಮೂಲಕ ಕಂಪನ ಕಳಿಸುತ್ತವೆ, ಕಿವಿ ತೂತಿಗೆ ಏನೂ ತುರುಕಬೇಕಿಲ್ಲ. ಮಾಮೂಲಿ ಇಯರ್‌ಬಡ್ ಮತ್ತು ಕಿವಿಯ ನಡುವೆ ನೀರು ನುಸುಳಿದರೆ ಸಿಗ್ನಲ್ ಇದ್ದರೂ ಧ್ವನಿ ಮಂಕಾಗುತ್ತೆ, ಬಡ್ ಜಾರಿ ಕೊಳದ ತಳ ಸೇರುವ ಭಯ ಬೇರೆ.

ಇದರಲ್ಲೂ ಒಂದು ಗುಂಡಿ ಇದೆ, ನಮ್ಮ ಗೆಳೆಯ ಅದಕ್ಕೂ ಬಿದ್ದ. ಸೀನಿಯರ್ ಒಬ್ಬರ ಹಳೆಯ ಮೆಮೊರಿ ಹೆಡ್‌ಫೋನ್ ಎರವಲು ತಂದು, ಸ್ಟ್ರೀಮಿಂಗ್ ಆ್ಯಪಿನಲ್ಲಿ ‘ಡೌನ್‌ಲೋಡ್’ ಮಾಡಿದ್ದ ಹಾಡುಗಳನ್ನು ಹಾಕಲು ಹೋದ. ಒಂದೂ ನುಡಿಯಲಿಲ್ಲ. ಆ ಫೈಲುಗಳು ಗೂಢಲಿಪಿಯಲ್ಲಿರುತ್ತವೆ, ಆ ಆ್ಯಪ್‌ಗೆ ಮಾತ್ರ ತೆರೆಯುತ್ತವೆ. ಇಲ್ಲಿಗೆ ಬೇಕಿರೋದು ನಿಮ್ಮದೇ ಎಂಪಿ3ಯಂಥ ಫೈಲುಗಳು, ಕಂಪ್ಯೂಟರಿನಿಂದ ಯುಎಸ್‌ಬಿ ಕೇಬಲ್‌ನಲ್ಲಿ ಕಾಪಿ ಮಾಡಿದವು. ನಿಮ್ಮ ಹತ್ತಿರ ಅಂಥ ಫೈಲುಗಳೇ ಇಲ್ಲದಿದ್ದರೆ ಮೊದಲು ಅದನ್ನು ಯೋಚಿಸಿ, ಹೆಡ್‌ಫೋನ್ ಆಮೇಲೆ.

ನಮ್ಮ ಮಾತು ನಂಬಬೇಕಿಲ್ಲ, ಬಕೆಟ್ಟಿನಲ್ಲೇ ನೋಡಬಹುದು. ಹಳೆಯ ಫಿಟ್‌ನೆಸ್ ಬ್ಯಾಂಡನ್ನು ಫೋನಿನಿಂದ ಬಿಡಿಸಿ, ಗಾಳಿ ಹೋಗದ ಜಿಪ್ ಕವರಿಗೆ ಹಾಕಿ, ಸಣ್ಣ ಕಲ್ಲು ಕಟ್ಟಿ ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಬಿಡಿ. ಫೋನಿನಲ್ಲಿ nRF Connect ಆ್ಯಪ್ ತೆರೆದು ಅದರ RSSI ನೋಡುತ್ತಾ ನೀರು ಸುರಿಯಿರಿ. ಸ್ಟೀಲ್ ಬಕೆಟ್ ಬೇಡ, ಲೋಹ ಬೇರೆ ಆಟ ಆಡುತ್ತೆ. ಪ್ಲಾಸ್ಟಿಕ್ ಬಕೆಟ್ಟಿನ ಪಕ್ಕದಿಂದಲೂ ಸಿಗ್ನಲ್ ಸೋರುತ್ತೆ, ಆದ್ದರಿಂದ ಬ್ಯಾಂಡ್ ನಟ್ಟನಡುವೆ ಇರಲಿ. ಅಂಕಿ ಕುಸಿದು, ಕೊನೆಗೆ ಸಾಧನವೇ ಪಟ್ಟಿಯಿಂದ ಮಾಯವಾಗೋದು ಕಾಣುತ್ತೆ.

ನಮ್ಮ ಗೆಳೆಯನ ಇಯರ್‌ಬಡ್ಸ್ ವ್ಯರ್ಥವೇನೂ ಆಗಲಿಲ್ಲ. ಮಳೆಯಲ್ಲಿ ಓಡುವಾಗ ಹಾಕ್ಕೊಳ್ತಾನೆ, ಅದಕ್ಕೆ ಐಪಿಎಕ್ಸ್ 7 ಧಾರಾಳ ಸಾಕು. ಈಜಲಿಕ್ಕೆ ಮಾತ್ರ ಸೀನಿಯರ್‌ನ ಹಳೇ 4 ಜಿಬಿಯದ್ದು. ಲ್ಯಾಬ್ ಪೆನ್‌ಡ್ರೈವ್‌ನಲ್ಲಿ ಸಿಕ್ಕಿದ ಹನ್ನೊಂದು ಹಾಡನ್ನೇ ತಿರುಗಿಸಿ ತಿರುಗಿಸಿ ಕೇಳ್ತಾ ನಲವತ್ತು ಲ್ಯಾಪ್ ಮುಗಿಸ್ತಾನೆ.